ಸಾಲದ ಚೀಟಿಯ ಹಿಂಬದಿಯನ್ನೂ ಓದಿ: ಕೈಬರಹದ ರಶೀದಿಯಿಂದ ದಾಖಲೆ ಮಾಡುವ ಕ್ರಮ

"ಅಣ್ಣ, ಇದು ಹದಿನೈದೋ, ಎಪ್ಪತ್ತೈದೋ?"

ಕಳೆದ ಆಟಿ ತಿಂಗಳಲ್ಲಿ ಕಾಪು ಕಡೆಯ ಒಬ್ಬರು ಹಳೇ ಸಾಲದ ಚೀಟಿಯೊಂದನ್ನು ಮೇಜಿನ ಮೇಲೆ ಇಟ್ಟು ಕೇಳಿದ ಪ್ರಶ್ನೆ ಇದು. ಅವರ ಅಪ್ಪ ತೀರಿಹೋಗಿದ್ದರು. ಅಪ್ಪ ಊರಿನ ಕೆಲವರಿಗೆ ಕೈಸಾಲ ಕೊಟ್ಟಿದ್ದರು. ಯಾರಿಂದ ಎಷ್ಟು ಬರಬೇಕು ಎಂದು ಮಕ್ಕಳಿಗೆ ಗೊತ್ತಿರಲಿಲ್ಲ. ಟ್ರಂಕಿನಲ್ಲಿ ಸಿಕ್ಕಿದ್ದು ಇಂಥ ಹನ್ನೊಂದು ಚೀಟಿ. ಎಲ್ಲವನ್ನೂ ಒಂದು ಪಟ್ಟಿ ಮಾಡಿ ವಕೀಲರಿಗೆ ಕೊಡಬೇಕಿತ್ತು.

ನಾನು ಉಡುಪಿಯಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ ಗುಮಾಸ್ತೆ. ಇಂಥ ಚೀಟಿ ಓದುವುದು ನನ್ನ ಕೆಲಸದಲ್ಲೇ ಸೇರಿದೆ. ಆ ಹನ್ನೊಂದರಲ್ಲಿ ಒಂದನ್ನು ಹಿಡಿದು, ಮೊತ್ತ, ತಾರೀಕು, ಬಡ್ಡಿ, ಸಾಕ್ಷಿ ಈ ನಾಲ್ಕನ್ನು ಹೇಗೆ ತೆಗೆದೆವು ಎಂದು ಇಲ್ಲಿ ಹೇಳುತ್ತೇನೆ. ಹೆಸರು, ಮನೆ ಎಲ್ಲ ಬದಲಿಸಿದ್ದೇನೆ.

ಮೊದಲು ಫೋಟೋ, ಆಮೇಲೆ ಓದು

ನಮ್ಮ ಊರಿನ ಮಳೆಗಾಲದಲ್ಲಿ ಕಾಗದ ತೇವ ಕುಡಿದು ಮೆತ್ತಗಾಗಿರುತ್ತದೆ. ಮಡಿಕೆ ಬಿದ್ದ ಕಡೆ ಬಿಡಿಸುವಾಗಲೇ ಹರಿಯಬಹುದು. ಹಾಗಾಗಿ ಚೀಟಿಯನ್ನು ಒಂದು ದಿನ ಫ್ಯಾನಿನ ಗಾಳಿ ನೇರ ಬೀಳದ ಒಣ ಜಾಗದಲ್ಲಿ ಇಟ್ಟು, ನಿಧಾನವಾಗಿ ಬಿಡಿಸಿ. ಇಸ್ತ್ರಿ ಹಾಕಬೇಡಿ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ರುಜುವಿನ ಬಗ್ಗೆ ತಕರಾರು ಬಂದರೆ ಶಾಯಿ, ಕಾಗದ ಎರಡನ್ನೂ ಪರೀಕ್ಷೆ ಮಾಡಲು ಮೂಲ ಚೀಟಿ ಇದ್ದ ಹಾಗೇ ಇರಬೇಕು. ತುಕ್ಕು ಹಿಡಿದ ಪಿನ್ ಇದ್ದರೆ, ಅದು ಇರುವಾಗ ಒಂದು ಫೋಟೋ ತೆಗೆದು ಆಮೇಲೆ ಬಿಚ್ಚಿ. ಯಾವ ಕಾಗದ ಯಾವುದಕ್ಕೆ ಸೇರಿತ್ತು ಎಂಬುದಕ್ಕೆ ಆ ಪಿನ್ನೇ ಗುರುತು.

ಫೋಟೋವನ್ನು ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ, ಫ್ಲ್ಯಾಶ್ ಬೇಡ. ನೇರ ಮೇಲಿಂದ ಒಂದು. ಬೆಳಕು ಪಕ್ಕದಿಂದ ಓರೆಯಾಗಿ ಬೀಳುವ ಹಾಗೆ ಇನ್ನೊಂದು. ಬಾಲ್ ಪೆನ್ನಿನ ಶಾಯಿ ಮಾಸಿದರೂ ಪೆನ್ನು ಒತ್ತಿದ ಗೀರು ಕಾಗದದಲ್ಲಿ ಉಳಿದಿರುತ್ತದೆ, ಓರೆ ಬೆಳಕಿನಲ್ಲಿ ಅದು ಕಾಣುತ್ತದೆ. ಹಿಂಬದಿ ಖಾಲಿ ಇದ್ದರೂ ಅದರ ಫೋಟೋ ಬೇಕು. ಖಾಲಿ ಇತ್ತು ಅನ್ನುವುದೂ ಒಂದು ಮಾಹಿತಿಯೇ ಅಲ್ವಾ?

ಇನ್ನು ಮುಂದೆ ಕೆಲಸ ಎಲ್ಲ ಫೋಟೋ ನೋಡಿ. ಮೂಲದ ಮೇಲೆ ಪೆನ್ಸಿಲಿನಲ್ಲೂ ಒಂದು ಟಿಕ್ ಹಾಕಬೇಡಿ.

ಇದ್ದದ್ದನ್ನು ಇದ್ದ ಹಾಗೆ ಬರೆಯುವುದು

ಚೀಟಿಯನ್ನು ನೋಡಿದ ಕೂಡಲೇ ಪಟ್ಟಿಯ ಕಾಲಂ ತುಂಬಲು ಹೋಗಬೇಡಿ. ಮೊದಲು ಇಡೀ ಚೀಟಿಯನ್ನು ಸಾಲು ಸಾಲಾಗಿ, ತಪ್ಪು ಒಪ್ಪು ತಿದ್ದದೆ, ಇನ್ನೊಂದು ಹಾಳೆಯಲ್ಲಿ ನಕಲು ಮಾಡಿ. ಓದಲಾಗದ ಕಡೆ ಚುಕ್ಕಿ ಹಾಕಿ. ನಮ್ಮ ಚೀಟಿಯ ನಕಲು ಹೀಗಿತ್ತು:

> ತಾ. 12/6/18
> ಈ ದಿನ ತಮ್ಮಿಂದ ನನ್ನ ಮಗಳ ಮದುವೆ ಬಾಬ್ತು ಕೈಸಾಲವಾಗಿ ರೂ. [1 ಅಥವಾ 7]5,000/- ಅಕ್ಷರದಲ್ಲಿ ಎ..ತ್ತೈದು ಸಾವಿರ ರೂಪಾಯಿ ನಗದು ಪಡೆದಿರುತ್ತೇನೆ. ಇದಕ್ಕೆ ನೂರಕ್ಕೆ ಒಂದೂವರೆ ಬಡ್ಡಿ ಸೇರಿಸಿ ಬರುವ ಪತ್ತನಾಜೆಯ ಒಳಗೆ ತೀರಿಸುವುದು.
> (ರೆವಿನ್ಯೂ ಸ್ಟ್ಯಾಂಪು, ಅದರ ಮೇಲೆ ರುಜು)
> ಸಾಕ್ಷಿ: 1. ಸುಂದರ ಪೂಜಾರಿ ಮೇಲ್ಮನೆ 2. (ಇಂಗ್ಲಿಷ್ ರುಜು, ಓದಲಾಗದು)
> ಬಿಕ್ಕಲಂ: ಸಂಜೀವ

ಹಿಂಬದಿಯಲ್ಲಿ ಎರಡು ಸಾಲು:

> 12/9/18 ಬಡ್ಡಿ ಬಾಬ್ತು 3375 ಸಂದಿದೆ (ಚಿಕ್ಕ ರುಜು)
> 5/2/20 ರೂ. 20,000 ಸಂದಿದೆ

ಜನ ಸಾಮಾನ್ಯವಾಗಿ ಮುಂಬದಿ ಓದಿ ಸುಮ್ಮನಾಗುತ್ತಾರೆ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಸಂಶಯಗಳಿಗೆ ಉತ್ತರ ಹಿಂಬದಿಯಲ್ಲಿ ಇರುತ್ತದೆ. ಈ ಚೀಟಿಯಲ್ಲಿ ಮೊತ್ತ, ತಾರೀಕು, ಬಡ್ಡಿ ಮೂರರಲ್ಲೂ ಸಂಶಯ ಉಂಟು. ಮೂರನ್ನೂ ಆ 3375 ಎಂಬ ಒಂದೇ ಅಂಕೆ ಬಿಡಿಸಿತು. ಹೇಗೆ ಎಂದು ನೋಡೋಣ.

ಮೊತ್ತ

ಅಂಕೆಯ ಮೊದಲ ಗೀಟು 1 ಇರಬಹುದು, ತಲೆ ಬಾಗಿಸಿ ಬರೆದ 7 ಇರಬಹುದು. ಅಕ್ಷರದಲ್ಲಿ ನಡುವೆ ಮಡಿಕೆ ಬಿದ್ದು ಸ್ವಲ್ಪ ಭಾಗ ಹೋಗಿದೆ. ಉಳಿದದ್ದು 'ಎ', ಆಮೇಲೆ 'ತ್ತೈದು'. ಅದು 'ಎಪ್ಪತ್ತೈದು' ಆಗಬಹುದು, 'ಎಂಬತ್ತೈದು' ಕೂಡ ಆಗಬಹುದು.

ಬೇರೆ ಬೇರೆ ನೋಡಿದರೆ ಎರಡೂ ಅನುಮಾನವೇ. ಒಟ್ಟಿಗೆ ಇಟ್ಟರೆ ಅಲ್ಲ. ಅಂಕೆ ಹೇಳುವುದು 15 ಅಥವಾ 75. ಅಕ್ಷರ ಹೇಳುವುದು 75 ಅಥವಾ 85. 'ಹದಿನೈದು' ಎಂಬುದು 'ಎ' ಇಂದ ಶುರುವಾಗುವುದಿಲ್ಲ, 8 ಎಂಬುದು ಒಂದು ಗೀಟಿನಲ್ಲಿ ಮುಗಿಯುವುದಿಲ್ಲ. ಎರಡಕ್ಕೂ ಹೊಂದುವುದು 75 ಮಾತ್ರ.

ಅಂಕೆಯೂ ಅಕ್ಷರವೂ ಸ್ಪಷ್ಟ ಇದ್ದು, ಒಂದಕ್ಕೊಂದು ತಾಳೆ ಆಗದಿದ್ದರೆ? ಪ್ರಾಮಿಸರಿ ನೋಟು, ಚೆಕ್ಕುಗಳಲ್ಲಿ ಅಕ್ಷರದಲ್ಲಿ ಬರೆದದ್ದೇ ಮೊತ್ತ ಎಂದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಕಲಂ ಹೇಳುತ್ತದೆ. ನಿಮ್ಮ ಕೈಯಲ್ಲಿರುವುದು ಸಾದಾ ರಶೀದಿಯೋ ನೋಟೋ ಎಂದು ತೀರ್ಮಾನ ಮಾಡುವುದು ವಕೀಲರ ಕೆಲಸ. ಪಟ್ಟಿಯಲ್ಲಿ ನೀವು ಎರಡನ್ನೂ ಬರೆಯಿರಿ, ತಾಳೆ ಇಲ್ಲ ಎಂದು ಪಕ್ಕದಲ್ಲಿ ಹಾಕಿ. ಒಂದನ್ನು ಆರಿಸಿ ಇನ್ನೊಂದನ್ನು ಬಿಟ್ಟುಬಿಡಬೇಡಿ.

ತುಂಬಾ ಹಳೆಯ ಚೀಟಿಗಳಲ್ಲಿ ಕನ್ನಡ ಅಂಕಿ ಸಿಗುತ್ತದೆ. ಅಲ್ಲಿ ೬ ಮತ್ತು ೯ ತೀರಾ ಹತ್ತಿರ. ೧ ಅನ್ನು ಅವಸರದಲ್ಲಿ ಬರೆದರೆ ಬಾಯಿ ಮುಚ್ಚಿ ೦ ಆಗುತ್ತದೆ. ಇಂಥ ಕಡೆ ಅದೇ ಚೀಟಿಯಲ್ಲಿ ಅದೇ ಕೈ ಬರೆದ ಇನ್ನೊಂದು ೬ ಅಥವಾ ೧ ಹುಡುಕಿ ಹೋಲಿಸಿ. ಮನೆ ನಂಬರಿನಲ್ಲೋ ತಾರೀಕಿನಲ್ಲೋ ಒಂದು ಇದ್ದೇ ಇರುತ್ತದೆ. ಅಂಕೆಯ ಮುಂದೆ ಜಾಗ ಕಿರಿದಾಗಿ, ಮೊದಲ ಅಂಕೆ ಮಾತ್ರ ಬೇರೆ ಶಾಯಿಯಲ್ಲಿ ಕಂಡರೆ ಅದನ್ನೂ ಬರೆದಿಡಿ. ತಿದ್ದಿದ್ದು ಯಾರು, ಯಾಕೆ ಎಂಬ ಊಹೆ ಮಾತ್ರ ಬೇಡ.

ತಾರೀಕು

ಒಂದು ಸಾಲದ ಚೀಟಿಯಲ್ಲಿ ತಾರೀಕು ಒಂದೇ ಇರುವುದಿಲ್ಲ. ಬರೆದ ದಿನ, ತೀರಿಸಬೇಕಾದ ದಿನ, ಹಣ ಸಂದ ದಿನಗಳು, ಹೀಗೆ ಮೂರು ಬಗೆ. ಕೆಲವರು ಸ್ಟ್ಯಾಂಪಿನ ಮೇಲೆ ರುಜು ಹಾಕಿ ಅದರಡಿ ಮತ್ತೊಂದು ತಾರೀಕು ಬರೆಯುತ್ತಾರೆ. ಒಂದೊಂದಕ್ಕೂ ಬೇರೆ ಕಾಲಂ ಮಾಡಿ.

12/6/18 ಎಂದರೆ ನಮ್ಮ ಕಡೆ ಜೂನ್ 12 ಎಂದೇ ಓದುತ್ತೇವೆ. ಆದರೆ ಹೊರದೇಶದಲ್ಲಿ ಕೆಲಸ ಮಾಡಿ ಬಂದವರು ಕೆಲವೊಮ್ಮೆ ತಿಂಗಳು ಮೊದಲು ಬರೆಯುವುದುಂಟು. ಹಾಗಾದರೆ ಅದು ಡಿಸೆಂಬರ್ 6 ಆಗುತ್ತದೆ, ಆರು ತಿಂಗಳ ಬಡ್ಡಿ ವ್ಯತ್ಯಾಸ. ಇಲ್ಲಿ ಹಿಂಬದಿ ಸಹಾಯಕ್ಕೆ ಬಂತು. ಬಡ್ಡಿ ಕಟ್ಟಿದ್ದು 12/9/18. ತಿಂಗಳು ಮೊದಲು ಎಂದು ಓದಿದರೆ ಸಾಲ ಡಿಸೆಂಬರ್ 6ಕ್ಕೆ, ಬಡ್ಡಿ ಡಿಸೆಂಬರ್ 9ಕ್ಕೆ. ಮೂರೇ ದಿನಕ್ಕೆ ಮೂರು ಸಾವಿರದ ಮೇಲೆ ಬಡ್ಡಿ ಯಾರು ಕಟ್ಟುತ್ತಾರೆ ಮಾರಾಯ್ರೆ? ದಿನ ಮೊದಲು ಎಂದು ಓದಿದರೆ ಜೂನ್ 12ರಿಂದ ಸೆಪ್ಟೆಂಬರ್ 12, ಸರಿಯಾಗಿ ಮೂರು ತಿಂಗಳು.

ಕೆಲವು ಚೀಟಿಯಲ್ಲಿ ವಾರ ಬರೆದಿರುತ್ತಾರೆ. ಅದಿದ್ದರೆ ಇನ್ನೂ ಸುಲಭ. ಎಕ್ಸೆಲ್‌ನಲ್ಲಿ ಇದನ್ನು ಹಾಕಿ ನೋಡಿ:

```
=TEXT(DATE(2018,6,12),"dddd")
```

ಜೂನ್ 12ಕ್ಕೆ ಮಂಗಳವಾರ ಬರುತ್ತದೆ. ಡಿಸೆಂಬರ್ 6 ಗುರುವಾರ. ಚೀಟಿಯಲ್ಲಿ ಯಾವ ವಾರ ಉಂಟು ಎಂದು ನೋಡಿದರೆ ಆಯ್ತು.

ಎಕ್ಸೆಲ್‌ನ ವಿಷಯ ಬಂತಲ್ಲ, ನನ್ನದೇ ಒಂದು ಎಡವಟ್ಟು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಪಟ್ಟಿಗೆ 12/6 ಎಂಬ ರೀತಿಯ ತಾರೀಕುಗಳನ್ನು ಚೀಟಿಯಲ್ಲಿ ಇದ್ದ ಹಾಗೇ ಟೈಪ್ ಮಾಡಿದೆ. ಆ ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ ಪದ್ಧತಿಯಲ್ಲಿತ್ತು. ಅದು ಸದ್ದಿಲ್ಲದೆ ಡಿಸೆಂಬರ್ ಮಾಡಿಕೊಂಡಿತು. 12ರ ನಂತರದ ತಾರೀಕುಗಳು ಮಾತ್ರ ಬದಲಾಗದೆ ಎಡಕ್ಕೆ ಅಂಟಿಕೊಂಡು ಕೂತವು. ಯಾಕೆ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಎಂದು ಯೋಚಿಸಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಯೋಚಿಸಲಿಲ್ಲ. ಈಗ ಇದ್ದ ಹಾಗಿನ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಎಂದು ಮಾಡಿಕೊಳ್ಳುತ್ತೇನೆ. ಓದಿದ ತಾರೀಕಿನ ಕಾಲಂನಲ್ಲಿ 2018-06-12 ಎಂದು ವರ್ಷ ಮೊದಲಾಗಿ ಬರೆಯುತ್ತೇನೆ. ಹಾಗೆ ಬರೆದರೆ ದಿನ, ತಿಂಗಳು ಅದಲು ಬದಲಾಗುವ ಭಯವಿಲ್ಲ.

ಇನ್ನು 'ಬರುವ ಪತ್ತನಾಜೆ'. ತುಳುವರ ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ, ಮೇ 24ರ ಆಸುಪಾಸಿಗೆ ಬರುತ್ತದೆ. ಕೋಲ, ನೇಮ, ಯಕ್ಷಗಾನ ಮೇಳದ ತಿರುಗಾಟ ಎಲ್ಲ ನಿಲ್ಲುವ ದಿನ. ಹಾಗಾಗಿ ಸಾಲದ ವಾಯಿದೆಗೂ ಜನ ಅದನ್ನು ಹಿಡಿಯುತ್ತಾರೆ. ಚೀಟಿ ಬರೆದದ್ದು 2018ರ ಜೂನ್‌ನಲ್ಲಿ, ಆ ವರ್ಷದ ಪತ್ತನಾಜೆ ಆಗಲೇ ಮುಗಿದಿತ್ತು. ಆದ್ದರಿಂದ ಇದು 2019ರ ಮೇ ತಿಂಗಳದ್ದು. ಇದೇ ಚೀಟಿ ಮೇ 10ಕ್ಕೆ ಬರೆದಿದ್ದರೆ ತಲೆಬಿಸಿ. 'ಬರುವ' ಅಂದರೆ ಎರಡು ವಾರಕ್ಕೋ, ಮುಂದಿನ ವರ್ಷಕ್ಕೋ? ಆಗ ಎರಡೂ ಸಾಧ್ಯತೆ ಬರೆಯಬೇಕು. 'ಸೋಣ ಸಂಕ್ರಮಣಕ್ಕೆ', 'ಏಣೆಲು ಕೊಯ್ಲು ಆದ ಮೇಲೆ' ಎಂದೆಲ್ಲ ಇದ್ದರೂ ಇದೇ ಕ್ರಮ. ಸಂಕ್ರಮಣಕ್ಕೆ ಆ ವರ್ಷದ ಪಂಚಾಂಗ ನೋಡಿ ತಾರೀಕು ಹಾಕಬಹುದು. ಕೊಯ್ಲಿಗೆ ತಾರೀಕು ಹಾಕಲು ಹೋಗಬೇಡಿ, 'ನಿಶ್ಚಿತ ದಿನ ಇಲ್ಲ' ಎಂದು ಬರೆಯಿರಿ.

ಬಡ್ಡಿ

ಇಲ್ಲಿ ಜಾಸ್ತಿ ತಪ್ಪಾಗುತ್ತದೆ. ನಮ್ಮಲ್ಲಿ 'ನೂರಕ್ಕೆ ಒಂದೂವರೆ' ಅಂದರೆ ತಿಂಗಳಿಗೆ ಎಂದೇ ಬಾಯಿಮಾತಿನ ಅರ್ಥ. ವರ್ಷಕ್ಕೆ ಲೆಕ್ಕ ಹಾಕಿದರೆ ಅದು ಶೇಕಡಾ 18. ಆದರೆ ಬ್ಯಾಂಕು, ಸೊಸೈಟಿಯಲ್ಲಿ ಶೇಕಡಾ ಅಂದರೆ ವರ್ಷಕ್ಕೆ. ಚೀಟಿಯಲ್ಲಿ 'ತಿಂಗಳಿಗೆ' ಎಂದು ಬರೆಯದೆ ಇದ್ದರೆ ನೀವೇ ಸೇರಿಸಿಬಿಡಬೇಡಿ. ಆಧಾರ ಹುಡುಕಿ. ಹಳೆಯ ಚೀಟಿಗಳಲ್ಲಿ 'ದರಮಾಹೆ' ಎಂದಿದ್ದರೆ ತಿಂಗಳಿಗೆ, 'ಸಾಲಿಯಾನ' ಎಂದಿದ್ದರೆ ವರ್ಷಕ್ಕೆ.

ನಮ್ಮ ಚೀಟಿಯಲ್ಲಿ ಆ ಪದಗಳು ಯಾವುವೂ ಇಲ್ಲ. ಹಿಂಬದಿಯ 3375 ಉಂಟಲ್ಲ, ಅದನ್ನು ಹಿಡಿದು ಲೆಕ್ಕ ಹಾಕಿದೆವು. 75,000ಕ್ಕೆ ತಿಂಗಳಿಗೆ ನೂರಕ್ಕೆ ಒಂದೂವರೆಯಂತೆ ಮೂರು ತಿಂಗಳು:

```
=75000*1.5/100*3
```

ಉತ್ತರ 3375. ಒಂದು ರೂಪಾಯಿ ಆಚೆ ಈಚೆ ಇಲ್ಲ. ವರ್ಷಕ್ಕೆ ಒಂದೂವರೆ ಆಗಿದ್ದರೆ ಮೂರು ತಿಂಗಳಿಗೆ 281 ರೂಪಾಯಿ ಚಿಲ್ಲರೆ ಆಗುತ್ತಿತ್ತು. ಅಸಲು 85,000 ಆಗಿದ್ದರೆ 3825 ಆಗಬೇಕಿತ್ತು. 15,000 ಆಗಿದ್ದರೆ ಬರೀ 675. ಹೀಗೆ ಬಡ್ಡಿ ತಿಂಗಳದ್ದು ಎಂದಾಯಿತು, ಅಸಲು 75,000 ಎಂಬುದು ಗಟ್ಟಿಯಾಯಿತು, ತಾರೀಕು ಜೂನ್‌ನದ್ದೇ ಎಂಬುದೂ ಗಟ್ಟಿಯಾಯಿತು. ಲೆಕ್ಕ ಇಷ್ಟು ಚೆಂದಕ್ಕೆ ಕೂಡಿದಾಗ ಕಾಪುವಿನವರು ಮೊದಲ ಸಲ ನಕ್ಕರು.

ಆದರೆ ಎರಡನೇ ಸಾಲಿಗೆ ಈ ಉಪಾಯ ನಡೆಯುವುದಿಲ್ಲ. 2018ರ ಸೆಪ್ಟೆಂಬರ್ 12ರಿಂದ 2020ರ ಫೆಬ್ರವರಿ 5ಕ್ಕೆ 16 ತಿಂಗಳು 24 ದಿನ. ತಿಂಗಳಿಗೆ 1125ರಂತೆ ಬಡ್ಡಿ 18,900. ಸಂದದ್ದು 20,000. ಹೆಚ್ಚಿನ 1100 ಅಸಲಿಗೆ ಹೋಯಿತೋ? ಇಲ್ಲವೇ ಇಡೀ 20,000 ಅಸಲಿಗೆಂದೇ ಕೊಟ್ಟದ್ದೋ? ಚೀಟಿ ಹೇಳುವುದಿಲ್ಲ. ಹಾಗಾಗಿ ಪಟ್ಟಿಯಲ್ಲಿ 'ಸಂದದ್ದು 20,000, ಅಸಲಿಗೋ ಬಡ್ಡಿಗೋ ಬರೆದಿಲ್ಲ' ಎಂದಷ್ಟೇ ಹಾಕಿದೆವು. ಇಲ್ಲಿ ಅವರು, "ಅಪ್ಪ ಯಾವಾಗಲೂ ಬಡ್ಡಿಗೇ ಮೊದಲು ಹಿಡಿಯುತ್ತಿದ್ದರು" ಎಂದರು. ಅದನ್ನು ಬಿಡಲಿಲ್ಲ. ಆದರೆ 'ಕೇಳಿ ತಿಳಿದದ್ದು' ಎಂಬ ಬೇರೆ ಕಾಲಂನಲ್ಲಿ, ಯಾರು ಯಾವಾಗ ಹೇಳಿದರು ಎಂಬುದರ ಜೊತೆ ಬರೆದೆ.

ಚೀಟಿಯಲ್ಲಿ ಬಡ್ಡಿಯ ಮಾತೇ ಇಲ್ಲದಿದ್ದರೆ ಸೊನ್ನೆ ಹಾಕಬೇಡಿ. 'ಬಡ್ಡಿ ಬರೆದಿಲ್ಲ' ಎಂದು ಬರೆಯಿರಿ. ಸೊನ್ನೆ ಎಂದರೆ ಬಡ್ಡಿ ಬೇಡ ಎಂದು ಒಪ್ಪಿದ ಹಾಗೆ ಆಗುತ್ತದೆ. ಪ್ರಾಮಿಸರಿ ನೋಟಿನಲ್ಲಿ ದರ ಬರೆಯದಿದ್ದರೆ ಎಷ್ಟು ಎಂಬುದಕ್ಕೆ ಅದೇ 1881ರ ಕಾಯ್ದೆಯಲ್ಲಿ ಬೇರೆ ಕಲಂ ಉಂಟು. ನಿಮ್ಮ ಸೊನ್ನೆ ನೋಡಿ ವಕೀಲರು ಅದನ್ನು ಯೋಚಿಸದೇ ಹೋಗಬಹುದು. ಚಕ್ರಬಡ್ಡಿ ಎಂಬ ಪದ ಚೀಟಿಯಲ್ಲಿ ಇದ್ದರೆ ಮಾತ್ರ ಪಟ್ಟಿಯಲ್ಲಿ ಬರಲಿ.

ಸಾಕ್ಷಿಗಳು

ಮೊದಲು, ಸಾಕ್ಷಿ ಯಾರು, ಅಲ್ಲ ಯಾರು ಎಂದು ಬೇರೆ ಮಾಡಿ. ನಮ್ಮ ಚೀಟಿಯ ಅಡಿಯಲ್ಲಿ ಮೂರು ಹೆಸರು ಉಂಟು. ಆದರೆ 'ಬಿಕ್ಕಲಂ' ಎಂದು ಇರುವುದು ಚೀಟಿ ಬರೆದುಕೊಟ್ಟವರದ್ದು. ಸಂಜೀವ ಎಂಬವರು ಬರೆದವರು, ಸಾಕ್ಷಿ ಪಟ್ಟಿಗೆ ಸೇರುವುದಿಲ್ಲ. ಅವರಿಗೆ ಬೇರೆ ಕಾಲಂ. ಸುಮ್ನೆ ಅವರನ್ನು ಬಿಟ್ಟುಬಿಡಬೇಡಿ, ಬರೆಯುವಾಗ ಎದುರಿಗೇ ಇದ್ದವರು ಅವರು.

ನಮ್ಮ ಊರಿನಲ್ಲಿ ಸುಂದರ ಪೂಜಾರಿ ಎಂದು ಕರೆದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಅದಕ್ಕೇ ಮನೆ ಹೆಸರು ಮುಖ್ಯ. 'ಮೇಲ್ಮನೆ' ಎಂಬುದನ್ನು ಹೆಸರಿನ ಜೊತೆಗೆ ಅಂಟಿಸದೆ ಬೇರೆ ಕಾಲಂನಲ್ಲಿ ಹಾಕಿ. 'ಬಿನ್' ಎಂದಿದ್ದರೆ ಮುಂದೆ ಬರುವುದು ತಂದೆಯ ಹೆಸರು, 'ಕೋಂ' ಎಂದಿದ್ದರೆ ಗಂಡನ ಹೆಸರು. ಅಳಿಯಕಟ್ಟಿನ ಮನೆಗಳಲ್ಲಿ ಮಕ್ಕಳು ತಾಯಿಯ ಬರಿಗೆ, ಅಂದರೆ ತಾಯಿಯ ಕುಲಕ್ಕೆ ಸೇರುತ್ತಾರೆ. ಹಾಗಾಗಿ ಅಪ್ಪನ ಕೊನೆಹೆಸರು ಬೇರೆ, ಮಗನದ್ದು ಬೇರೆ ಇದ್ದರೆ ಅದು ತಪ್ಪಲ್ಲ. ಒಂದೇ ರೀತಿ ಇರಲಿ ಎಂದು ತಿದ್ದಿದರೆ ಇಲ್ಲದ ಮನುಷ್ಯನನ್ನು ಹುಟ್ಟಿಸಿದ ಹಾಗೆ. 'ಸಂಜೀವಣ್ಣ' ಎಂದು ಬರೆದಿದ್ದರೆ ಇದ್ದ ಹಾಗಿನ ಕಾಲಂನಲ್ಲಿ ಸಂಜೀವಣ್ಣ ಎಂದೇ ಇರಲಿ.

ಎರಡನೇ ಸಾಕ್ಷಿಯ ಇಂಗ್ಲಿಷ್ ರುಜು ಓದಲಾಗಲಿಲ್ಲ. ಮೊದಲ ಅಕ್ಷರ S ಇರಬಹುದು. ಕಾಪುವಿನವರು, "ಅಪ್ಪನ ದೋಸ್ತಿ ಶೇಖರಣ್ಣನೇ ಇರಬೇಕು" ಎಂದರು. ಇರಬಹುದು. ಆದರೆ ಪಟ್ಟಿಯಲ್ಲಿ ಅದು ಸಾಕ್ಷಿ ಹೆಸರಿನ ಜಾಗಕ್ಕೆ ಹೋಗಬಾರದು. ಉಳಿದ ಹತ್ತು ಚೀಟಿಗಳನ್ನು ಹುಡುಕಿದೆವು. ಒಂದರಲ್ಲಿ ಅದೇ ರೀತಿಯ ರುಜು, ಅಡಿಯಲ್ಲಿ ಕನ್ನಡದಲ್ಲಿ ಪೂರ್ತಿ ಹೆಸರು. ಅದು ಶೇಖರ ಅಲ್ಲ, ಸದಾನಂದ. ಆಗಲೂ 'ಓದಲಾಗದು' ಎಂಬುದನ್ನು ಅಳಿಸಲಿಲ್ಲ. '7ನೇ ಚೀಟಿಯ ರುಜುವಿಗೆ ಹೋಲುತ್ತದೆ, ಸದಾನಂದ ಇರಬಹುದು' ಎಂದು ಸೇರಿಸಿದೆವು.

ಹೆಬ್ಬೆಟ್ಟು ಇದ್ದರೆ ಯಾವ ಕೈಯದ್ದು, ಪಕ್ಕದಲ್ಲಿ ಹೆಸರು ಬರೆದವರು ಯಾರು ಎಂಬುದನ್ನು ಬರೆಯಿರಿ. ಸಾಕ್ಷಿ ಈಗ ಇದ್ದಾರೋ ಇಲ್ಲವೋ ಎಂಬ ಮಾಹಿತಿಯೂ 'ಕೇಳಿ ತಿಳಿದದ್ದು' ಕಾಲಂಗೆ.

ಪಟ್ಟಿ ಹೇಗೆ ಕಾಣುತ್ತದೆ

ಇಷ್ಟಾದ ಮೇಲೆ ಕಾಲಂ ತುಂಬುವುದು ಹತ್ತು ನಿಮಿಷದ ಕೆಲಸ. ನಮ್ಮದು ಹೀಗೆ ಬಂತು:

| ವಿಷಯ | ಚೀಟಿಯಲ್ಲಿ ಇದ್ದ ಹಾಗೆ | ಓದಿದ್ದು | ಆಧಾರ |
|---|---|---|---|
| ಅಸಲು | [1/7]5,000/-, ಎ..ತ್ತೈದು ಸಾವಿರ | 75000 | ಅಂಕೆ, ಅಕ್ಷರ ಒಟ್ಟಿಗೆ. ಹಿಂಬದಿ 3375 |
| ಬರೆದ ದಿನ | 12/6/18 | 2018-06-12 | ಹಿಂಬದಿ 12/9/18 |
| ವಾಯಿದೆ | ಬರುವ ಪತ್ತನಾಜೆ | 2019-05-24 ಸುಮಾರಿಗೆ | ಪಂಚಾಂಗ ನೋಡಬೇಕು |
| ಬಡ್ಡಿ | ನೂರಕ್ಕೆ ಒಂದೂವರೆ | ತಿಂಗಳಿಗೆ 1.5 | ಹಿಂಬದಿ 3375 |
| ಸಂದದ್ದು 1 | 3375, ಬಡ್ಡಿ ಬಾಬ್ತು | 2018-09-12 | ಸಾಲಗಾರರ ಚಿಕ್ಕ ರುಜು ಇದೆ |
| ಸಂದದ್ದು 2 | 20,000 | 2020-02-05 | ರುಜು ಇಲ್ಲ, ಅಪ್ಪನ ಕೈಬರಹ |
| ಸಾಕ್ಷಿ 1 | ಸುಂದರ ಪೂಜಾರಿ ಮೇಲ್ಮನೆ | ಹೆಸರು, ಮನೆ ಬೇರೆ ಬೇರೆ | ಸ್ಪಷ್ಟ |
| ಸಾಕ್ಷಿ 2 | ಇಂಗ್ಲಿಷ್ ರುಜು | ಓದಲಾಗದು | 7ನೇ ಚೀಟಿಗೆ ಹೋಲಿಕೆ |

'ಸಂದದ್ದು' ಸಾಲುಗಳಲ್ಲಿ ರುಜು ಇದೆಯೋ ಇಲ್ಲವೋ, ಯಾರ ಕೈಬರಹ ಎಂಬುದನ್ನು ಯಾಕೆ ಬರೆಯಬೇಕು? ಇಂಥ ಸಾಲಕ್ಕೆ ದಾವೆ ಹೂಡಲು 1963ರ ಲಿಮಿಟೇಷನ್ ಕಾಯ್ದೆಯಲ್ಲಿ ಸಾಮಾನ್ಯವಾಗಿ ಮೂರು ವರ್ಷದ ಗಡುವು. ಗಡುವಿನ ಒಳಗೆ ಸಾಲಗಾರರು ಸ್ವಲ್ಪ ಹಣ ಕೊಟ್ಟರೆ, ಆ ದಿನದಿಂದ ಹೊಸ ಲೆಕ್ಕ ಶುರುವಾಗಬಹುದು. ಆದರೆ ಹಣ ಕೊಟ್ಟದ್ದಕ್ಕೆ ಕೊಟ್ಟವರ ಕೈಬರಹವೋ ರುಜುವೋ ಬೇಕು ಎಂದು 19ನೇ ಕಲಂ ಹೇಳುತ್ತದೆ. ನಮ್ಮ ಚೀಟಿಯ 3375ಕ್ಕೆ ರುಜು ಉಂಟು. 20,000ಕ್ಕೆ ಇಲ್ಲ, ಅದು ಅಪ್ಪನೇ ಬರೆದುಕೊಂಡದ್ದು. ಗಡುವು ಮುಗಿದಿದೆಯೋ ಇಲ್ಲವೋ ಎಂದು ಪಟ್ಟಿಯಲ್ಲಿ ಬರೆಯಬೇಡಿ. ವಕೀಲರು ಮೊದಲು ಕೇಳುವುದು ಈ ಎರಡು ಸಾಲನ್ನೇ, ಅಲ್ಲಿ ಕಣ್ಣಿಗೆ ಕಂಡದ್ದು ಮಾತ್ರ ಇದ್ದರೆ ಸಾಕು.

ಕೊನೆಗೆ ತಾಳೆ. ಟೈಪ್ ಮಾಡಿದವರೇ ತಾಳೆ ನೋಡಿದರೆ ತಪ್ಪು ಸಿಗುವುದಿಲ್ಲ, ಕಣ್ಣು ತಾನು ಬರೆದದ್ದನ್ನೇ ಓದುತ್ತದೆ. ಒಬ್ಬರು ಚೀಟಿಯ ಫೋಟೋ ನೋಡಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪಟ್ಟಿಯಲ್ಲಿ ಬೆರಳಿಟ್ಟು ನೋಡಬೇಕು. ಅಂಕೆಗಳನ್ನು ಒಂದೊಂದಾಗಿ: ಏಳು, ಐದು, ಸೊನ್ನೆ, ಸೊನ್ನೆ, ಸೊನ್ನೆ. ಕಾಪುವಿನವರು ಓದಿದರು, ನಾನು ಬೆರಳಿಟ್ಟೆ. ವಾಯಿದೆಯ ಸಾಲಿಗೆ ಬಂದಾಗ ಅವರು "ಬರುವ ಪತ್ತನಾಜೆ" ಎಂದರು. ನನ್ನ ಪಟ್ಟಿಯಲ್ಲಿ ಬರೀ 'ಪತ್ತನಾಜೆ' ಎಂದಿತ್ತು. 'ಬರುವ' ಸೇರಿಸಿ, ಮುಂದಿನ ಚೀಟಿ ತೆಗೆದೆವು.